ಬಯಲುಸೀಮೆಯ ತಂಗಿ ಕರಾವಳಿಯ ಹಾಸ್ಟೆಲ್ಲಿಗೆ ಬಂದಾಗ: ಮೊದಲ ಆರು ವಾರ

ಕಾಲೇಜುಗಳ ಪ್ರವೇಶ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು ಬರುತ್ತವೆ. "ಅಕ್ಕಾರ, ನಮ್ಮ ಕಾಕಾನ ಮಗಳಿಗೆ ಮಂಗಳೂರಾಗ ಸೀಟ್ ಸಿಕ್ಕೈತ್ರಿ. ಹಾಸ್ಟೆಲ್ಲಿಗೆ ಬಿಡ್ತಾರಂತ. ನಾ ಇಲ್ಲೇ ಅದೀನಿ, ನಾ ಏನ್ ಮಾಡ್ಬೇಕ್ರಿ?" ಕೇಳುವವರು ನನ್ನ ಹಾಗೆಯೇ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಮಂಗಳೂರು ಉಡುಪಿಯಲ್ಲಿ ಕೆಲಸಕ್ಕೆ ನಿಂತವರು. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟು ಮಾಡಿ ಬರೆದಿದ್ದೇನೆ.

ಬರೆದಿರುವುದು ಮಳೆಗಾಲದಲ್ಲಿ ಬರುವವರ ಬಗ್ಗೆ. ಬೇಸಿಗೆಯಲ್ಲಿ ಬಂದರೆ ಸೆಕೆ, ಬೆವರು ಅಷ್ಟೇ. ಒಣನೆಲದಲ್ಲಿ ಬೆಳೆದ ಹುಡುಗಿಗೆ ಈ ಊರು ಪರಕೀಯ ಅನ್ನಿಸುವುದು ಮಳೆಯಲ್ಲಿ. ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಮೂರೂವರೆ ಸಾವಿರದ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉದಾಹರಣೆಗೆ ನನ್ನ ಕಾಕಾನ ಮಗಳನ್ನೇ ತೆಗೆದುಕೊಳ್ಳುತ್ತೇನೆ. ಹೋದ ವರ್ಷ ಆಗಸ್ಟ್ ಮೊದಲ ವಾರ ಬಂದಳು. ಹಾಸ್ಟೆಲ್ ನಮ್ಮ ಮನೆಯಿಂದ ಹದಿನೈದು ಕಿಲೋಮೀಟರ್ ದೂರ. ತಮ್ಮಂದಿರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ನಿಮ್ಮ ಕಡೆಯಿಂದ ಸಿದ್ಧವಿರಬೇಕಾದ್ದು ಹೆಚ್ಚೇನಿಲ್ಲ. ನಿಮ್ಮ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ, ಆಧಾರ್ ಪ್ರತಿ, ಒಂಟಿ ಮಂಚದ ಸೊಳ್ಳೆಪರದೆ, ನಾಲ್ಕೈದು ಮೀಟರ್ ನೈಲಾನ್ ಹಗ್ಗ, ಒಂದು ಡಜನ್ ಬಟ್ಟೆ ಕ್ಲಿಪ್ಪು, ಗಾಳಿಯಾಡದ ಮುಚ್ಚಳದ ಎರಡು ಡಬ್ಬಿ, ಉದ್ದ ಕೋಲಿನ ಒಂದು ಕೊಡೆ. ಮಡಚುವ ಪುಟ್ಟ ಕೊಡೆ ಇಲ್ಲಿಯ ಗಾಳಿಗೆ ಎರಡನೇ ದಿನವೇ ತಿರುವುಮುರುವಾಗುತ್ತದೆ.

1. ಟ್ರಂಕು ಕಟ್ಟುವ ಮೊದಲೇ ಫೋನ್ ಮಾಡಿ

ಹೊರಡಲು ಒಂದು ವಾರ ಇರುವಾಗ ಕಾಕೂಗೆ ಫೋನ್ ಮಾಡಿ. ತಂಗಿಗಲ್ಲ, ಕಾಕೂಗೆ, ಟ್ರಂಕು ತುಂಬುವವರು ಅವರು. ಮೊದಲು ಹೇಳಬೇಕಾದ ಮಾತು: ಕೌದಿ ಬೇಡ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನಮ್ಮೂರಲ್ಲಿ ಎಷ್ಟು ಹಿತವೋ ಇಲ್ಲಿ ಅಷ್ಟೇ ಕಷ್ಟ. ಅದು ಗಾಳಿಯ ತೇವವನ್ನೇ ಹೀರಿಕೊಂಡು ಭಾರವಾಗುತ್ತದೆ, ಒಗೆದರೆ ಅಕ್ಟೋಬರ್‌ವರೆಗೆ ಒಣಗುವುದಿಲ್ಲ. ತೆಳು ಹೊದಿಕೆ ಎರಡು ಸಾಕು. ಜೀನ್ಸ್ ಒಂದೇ ಇರಲಿ. ಬೇಗ ಒಣಗುವ ತೆಳು ಪ್ಯಾಂಟ್, ಕುರ್ತಾಗಳು ಏಳೆಂಟು ಜೊತೆ ಇರಲಿ. ಒಳಉಡುಪು ಊರಲ್ಲಿ ಬಳಸುವುದರ ಎರಡರಷ್ಟು. ಚರ್ಮದ ಚಪ್ಪಲಿ ಬೇಡ, ರಬ್ಬರಿನದ್ದು ಬೇಕು.

ಕಾಕೂ ಖಂಡಿತ ಕಟ್ಟುವುದು ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಅದನ್ನು ಬೇಡ ಅನ್ನಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಕಳಿಸಬಾರದು ಎಂದಷ್ಟೇ ಹೇಳಿ. ನಮ್ಮೂರಲ್ಲಿ ತಿಂಗಳು ಇಟ್ಟರೂ ಮುರುಮುರು ಅನ್ನುವ ರೊಟ್ಟಿ ಇಲ್ಲಿ ಬಿಚ್ಚಿಟ್ಟರೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ರೊಟ್ಟಿ ನಿಮ್ಮ ಮನೆಯ ಡಬ್ಬಿಯಲ್ಲಿರಲಿ, ವಾರಕ್ಕೆ ಎಂಟು ಹತ್ತರಂತೆ ಅವಳಿಗೆ ಹೋಗಲಿ. ಹಿಂಡಿಯನ್ನು ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ತುಂಬಿಸಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಲಿ. ಒದ್ದೆ ಚಮಚ ಹಾಕಿದ ದಿನವೇ ಅದರ ಕಥೆ ಮುಗಿಯಿತು. ಕಮಟು ವಾಸನೆ ಬಂದರೆ ತಿನ್ನದೆ ಎಸೆಯಿರಿ. ಬೂಷ್ಟು ಬಂದ ಶೇಂಗಾವನ್ನು ಮೇಲಿನದಷ್ಟು ತೆಗೆದು ತಿನ್ನುವುದು ಅಪಾಯ.

2. ಯಾವ ನಿಲ್ದಾಣ ಎಂದು ಎರಡು ಸಲ ಕೇಳಿ

ವಿಜಯಪುರದಿಂದ ಹುಬ್ಬಳ್ಳಿ, ಹಾಸನದ ಮೇಲೆ ಮಂಗಳೂರಿಗೆ ನೇರ ರೈಲಿದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯದವರೆಗೆ ಘಟ್ಟ. ಮಣ್ಣು ಕುಸಿದರೆ ರೈಲು ಅಲ್ಲೇ ನಿಲ್ಲಬಹುದು, ರದ್ದೂ ಆಗಬಹುದು. ಹಾಗಾಗಿ ಹಾಸ್ಟೆಲ್ ಸೇರುವ ದಿನವೇ ಬೆಳಗ್ಗೆ ತಲುಪುವಂತೆ ಟಿಕೆಟ್ ಮಾಡಿಸಬೇಡಿ, ನಡುವೆ ಒಂದು ದಿನ ಬಿಡಿ.

ಮಂಗಳೂರಿನಲ್ಲಿ ರೈಲು ನಿಲ್ದಾಣ ಎರಡು. ಸೆಂಟ್ರಲ್ ಪೇಟೆಯ ನಡುವಿದೆ. ಜಂಕ್ಷನ್ ಪಡೀಲು ಕಡೆ, ಊರ ಹೊರಗೆ. "ಮಂಗಳೂರು ಬಂತು" ಎಂದು ತಂಗಿ ಜಂಕ್ಷನ್ನಿನಲ್ಲಿ ಇಳಿದು, ನೀವು ಸೆಂಟ್ರಲ್ಲಿನಲ್ಲಿ ಕೊಡೆ ಹಿಡಿದು ನಿಂತಿರುವುದು ಪ್ರತಿ ವರ್ಷ ಯಾರಿಗಾದರೂ ಆಗುತ್ತದೆ. ಬಸ್ಸಿನದ್ದೂ ಹಾಗೆಯೇ. ಸರ್ಕಾರಿ ಬಸ್ ನಿಲ್ದಾಣ ಬಿಜೈಯಲ್ಲಿ. ಸಿಟಿ ಬಸ್ಸುಗಳ ಬೇರು ಸ್ಟೇಟ್ ಬ್ಯಾಂಕಿನಲ್ಲಿ. ಇಲ್ಲಿ ಸ್ಟೇಟ್ ಬ್ಯಾಂಕ್ ಅಂದರೆ ಹಣ ಕಟ್ಟುವ ಜಾಗವಲ್ಲ, ಬಸ್ಸು ಹತ್ತುವ ಜಾಗ. ಇದನ್ನು ಮೊದಲೇ ಹೇಳಿಬಿಡಿ. ಉಡುಪಿಯಾದರೆ ರೈಲು ನಿಲ್ದಾಣ ಇಂದ್ರಾಳಿಯಲ್ಲಿ, ಮಣಿಪಾಲಕ್ಕೂ ಉಡುಪಿ ಪೇಟೆಗೂ ನಡುವೆ.

ಇನ್ನೊಂದು ಸಣ್ಣ ಆಘಾತ ಟಿಕೆಟ್ಟಿನದ್ದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಪುಕ್ಕಟೆ ಓಡಾಡಿ ಅಭ್ಯಾಸವಾದ ಹುಡುಗಿಯರು ಇಲ್ಲಿಯ ಬಸ್ಸಿನಲ್ಲೂ ಆಧಾರ್ ಚಾಚುತ್ತಾರೆ. ಈ ಎರಡು ಜಿಲ್ಲೆಗಳಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಬೇಕು. ಮೊದಲ ಭಾನುವಾರವೇ ಹಾಸ್ಟೆಲ್ಲಿನಿಂದ ನಿಮ್ಮ ಮನೆಯವರೆಗೆ ಅವಳ ಜೊತೆ ಒಮ್ಮೆ ಬಸ್ಸಿನಲ್ಲೇ ಬನ್ನಿ. ಬಸ್ಸಿನ ನಂಬರು, ಇಳಿಯುವ ಸ್ಟಾಪಿನ ಹೆಸರು, ಕೊನೆಯ ಬಸ್ಸಿನ ಹೊತ್ತು ಅವಳೇ ಬರೆದುಕೊಳ್ಳಲಿ. ಕಾರಿನಲ್ಲಿ ಕರೆತಂದರೆ ಅವಳಿಗೆ ದಾರಿ ಗೊತ್ತಾಗುವುದಿಲ್ಲ.

3. ಸ್ಥಳೀಯ ಪೋಷಕರ ಫಾರ್ಮು

ತಂದೆತಾಯಿ ದೂರದಲ್ಲಿರುವ ವಿದ್ಯಾರ್ಥಿಗೆ ಈ ಊರಿನಲ್ಲೇ ಇರುವ ಜವಾಬ್ದಾರಿಯ ವ್ಯಕ್ತಿಯನ್ನು ಹಾಸ್ಟೆಲ್ಲಿನವರು 'ಲೋಕಲ್ ಗಾರ್ಡಿಯನ್' ಎನ್ನುತ್ತಾರೆ. ಆ ಫಾರ್ಮಿನಲ್ಲಿ ನಿಮ್ಮ ಫೋಟೋ, ಸಹಿ, ಫೋನ್ ನಂಬರ್ ಇರುತ್ತದೆ. ರಾತ್ರಿ ಹೊರಗೆ ಉಳಿಯಬೇಕಾದರೆ ಬರೆಸುವ ಚೀಟಿಗೆ 'ಔಟ್‌ಪಾಸ್' ಎಂದು ಹೆಸರು. ನಿಮ್ಮ ಮನೆಗೆ ಬರುವುದಾದರೂ ಅದು ಬೇಕು.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಅವಸರದಲ್ಲಿ ಫಾರ್ಮಿಗೆ ಗೀಚಿದ ಸಹಿ ಆಮೇಲಿನ ಸಹಿಗೆ ಹೊಂದುವುದಿಲ್ಲ, ಗೇಟಿನಲ್ಲಿ ತಕರಾರು. ಬ್ಯಾಂಕಿನಲ್ಲಿ ಹಾಕುವ ಸಹಿಯನ್ನೇ ಹಾಕಿ. ಎರಡು, ಒಬ್ಬರ ಹೆಸರು ಮಾತ್ರ ಕೊಡುವುದು. ನಾನು ನನ್ನದೊಂದನ್ನೇ ಕೊಟ್ಟಿದ್ದೆ. ಎರಡನೇ ವಾರ ನಾನು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾಗ ತಂಗಿಗೆ ಜ್ವರ ಬಂತು. ನಮ್ಮ ಮನೆಯವರು ಹೋದರೆ "ನಿಮ್ಮ ಹೆಸರು ಇಲ್ಲಿಲ್ಲ" ಎಂದು ಮುಕ್ಕಾಲು ಗಂಟೆ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ, ತಪ್ಪು ನನ್ನದು. ಮನೆಯ ಇಬ್ಬರ ಹೆಸರೂ ಇರಲಿ, ವಾರ್ಡನ್ ನಂಬರ್ ಇಬ್ಬರ ಫೋನಿನಲ್ಲೂ ಇರಲಿ.

ಮೂಲ ಅಂಕಪಟ್ಟಿಗಳು ಕಾಲೇಜಿನಿಂದ ವಾಪಸ್ ಬಂದರೆ ಹಾಸ್ಟೆಲ್ ಕಪಾಟಿನಲ್ಲಿ ಇಡಿಸಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಮ್ಮ ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳಿ. ತೇವಕ್ಕೆ ಹೆದರಿ ಲ್ಯಾಮಿನೇಷನ್ ಮಾಡಿಸಲೂಬೇಡಿ. ಮುಂದೆ ಪರಿಶೀಲನೆಗೆ ಹೋದಾಗ ಅದೇ ತೊಡಕಾಗಬಹುದು.

4. ತೇವದ ಜೊತೆ ಬದುಕುವುದನ್ನು ಕಲಿಸಿ

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ನಮ್ಮೂರಲ್ಲಿ ಒಗೆದ ಬಟ್ಟೆ ಎರಡು ತಾಸಿನಲ್ಲಿ ಒಣಗುತ್ತದೆ. 'ಒಣಗಿಸುವುದು' ಒಂದು ಕೆಲಸ ಅನ್ನುವುದೇ ಆ ಮಕ್ಕಳಿಗೆ ಗೊತ್ತಿಲ್ಲ. ಇಲ್ಲಿ ಜುಲೈ ಆಗಸ್ಟ್‌ನಲ್ಲಿ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಬಟ್ಟೆಯ ನೀರನ್ನು ಎಳೆದುಕೊಳ್ಳಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ದಾರಿ ಎರಡೇ: ಒಗೆದಾಗಲೇ ಆದಷ್ಟು ನೀರು ತೆಗೆಯುವುದು, ಆಮೇಲೆ ಗಾಳಿಯನ್ನು ಆಡಿಸುತ್ತಲೇ ಇರುವುದು.

ನನ್ನ ತಂಗಿ ಮೊದಲ ವಾರದ ಬಟ್ಟೆಯನ್ನೆಲ್ಲ ಶನಿವಾರ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ ಮಲಗಿದಳು. ಭಾನುವಾರ ಒಗೆದು ಕೋಣೆಯ ಹಗ್ಗದ ಮೇಲೆ ಒಂದರ ಮೇಲೊಂದು ಹರವಿದಳು. ಬುಧವಾರದ ಹೊತ್ತಿಗೆ "ಅಕ್ಕಾ, ನನ್ನ ಅಂಗಿಗೆ ನಾಯಿ ವಾಸ್ನಿ ಬರಾಕತ್ತೈತಿ" ಎಂದು ಫೋನ್. ರಾತ್ರಿಯಿಡೀ ನೆನೆದ ನೀರಿನಲ್ಲೂ, ಆಮೇಲೆ ಮೂರು ದಿನ ಹಸಿಯಾಗೇ ಇದ್ದ ಬಟ್ಟೆಯಲ್ಲೂ ಸೂಕ್ಷ್ಮಜೀವಿಗಳು ಬೆಳೆದು ಆ ವಾಸನೆ ಹುಟ್ಟುತ್ತದೆ. ಸೆಂಟು ಹೊಡೆದರೆ ಹೋಗುವುದಿಲ್ಲ. ಬಿಸಿನೀರಿನಲ್ಲಿ ಮತ್ತೊಮ್ಮೆ ಒಗೆದು ಈ ಸಲ ಬೇಗ ಒಣಗಿಸಿದರೆ ಹೋಗುತ್ತದೆ.

ಅವಳಿಗೆ ಆಮೇಲೆ ಹಾಕಿಕೊಟ್ಟ ಪದ್ಧತಿ ಹೀಗೆ. ದಿನಾ ಸ್ನಾನದ ಹೊತ್ತಿಗೆ ಆ ದಿನದ ಒಂದು ಜೊತೆ ಬಟ್ಟೆ ಮಾತ್ರ ಒಗೆಯುವುದು. ನೆನೆಹಾಕುವುದು ಅರ್ಧ ತಾಸು ಸಾಕು. ಹಿಂಡಿದ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿಟ್ಟು ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿದರೆ ಇನ್ನಷ್ಟು ನೀರು ಬಿಡುತ್ತದೆ. ಹಗ್ಗ ಫ್ಯಾನಿನ ಗಾಳಿ ತಾಗುವಲ್ಲಿ ಇರಲಿ, ಆದರೆ ರೆಕ್ಕೆಯಿಂದ ದೂರ. ಬಟ್ಟೆ ಬಟ್ಟೆಯ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು, ಅಂಗಿಯನ್ನು ಉಲ್ಟಾ ಮಾಡಿ ಹಾಕಬೇಕು. ತಡವಾಗಿ ಒಣಗುವುದು ಹೊಲಿಗೆ ಮತ್ತು ಜೇಬು. ಜೀನ್ಸ್, ಟವೆಲ್, ಬೆಡ್‌ಶೀಟುಗಳನ್ನು ಹಾಸ್ಟೆಲ್ಲಿನಲ್ಲಿ ಒಗೆಯುವುದೇ ಬೇಡ. ಹದಿನೈದು ದಿನಕ್ಕೊಮ್ಮೆ ಚೀಲದಲ್ಲಿ ತುಂಬಿ ನಿಮ್ಮ ಮನೆಗೆ ತರಲಿ, ಮಷಿನ್ನಿನಲ್ಲಿ ಹಿಂಡಿಸಿ ಕಳಿಸಿ.

ಒಣಗಿದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ಏಕೆಂದರೆ ಕೈಯೂ ತಣ್ಣಗಿರುತ್ತದೆ. ಸೊಂಟದ ಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಬೇಕು. ತಂಪು ಅನ್ನಿಸಿದರೆ ಇನ್ನೂ ಹಸಿ ಇದೆ. ಹಸಿ ಬಟ್ಟೆ ಒಂದೇ ಒಂದು ಕಪಾಟಿನೊಳಗೆ ಹೋದರೂ ವಾರದಲ್ಲಿ ಬೆಲ್ಟಿನ ಮೇಲೆ, ಬ್ಯಾಗಿನ ಮೇಲೆ, ಪುಸ್ತಕದ ರಟ್ಟಿನ ಮೇಲೆ ಬೂದು ಬಣ್ಣದ ಬೂಷ್ಟು ಕಾಣಿಸುತ್ತದೆ. ನುಸಿಗುಳಿಗೆ, ಕರ್ಪೂರ ಇಟ್ಟರೆ ಹುಳ ದೂರವಾಗಬಹುದು, ತೇವ ದೂರವಾಗುವುದಿಲ್ಲ. ದಿನಾ ಸ್ವಲ್ಪ ಹೊತ್ತು ಕಪಾಟಿನ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕುವುದೇ ಅದಕ್ಕಿಂತ ಮೇಲು. ನೆನೆದ ಬೂಟಿನೊಳಗೆ ಹಳೆ ಪತ್ರಿಕೆ ಉಂಡೆ ಮಾಡಿ ತುರುಕಿ, ಕಾಗದ ಒದ್ದೆಯಾದ ಹಾಗೆ ಬದಲಿಸಬೇಕು.

ಹಸಿ ಬಟ್ಟೆ ಹಾಕಿಕೊಂಡು ಓಡಾಡಿದರೆ ಮುಂದೆ ಬರುವುದು ಚರ್ಮದ ಸರದಿ. ಸೊಂಟ, ತೊಡೆಯ ಸಂದಿ, ಕಂಕುಳಲ್ಲಿ ಉಂಗುರದ ಆಕಾರದ ತುರಿಕೆ, ಅಂಚು ಕೆಂಪು, ನಡುವೆ ತಿಳಿ. ನಮ್ಮಲ್ಲಿ ಹುಳುಕಡ್ಡಿ ಅನ್ನುತ್ತೇವೆ. ಅದು ಹುಳವಲ್ಲ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದ್ದೇ. ಇದನ್ನು ಮನೆಯಲ್ಲಿ ಹೇಳಲು ಹುಡುಗಿಯರು ನಾಚುತ್ತಾರೆ. ರೂಮ್‌ಮೇಟ್ ಕೊಟ್ಟ ಮುಲಾಮು ಹಚ್ಚುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತದೆ. ಎರಡೇ ದಿನದಲ್ಲಿ ತುರಿಕೆ ತಗ್ಗುತ್ತದೆ, ಆದರೆ ಶಿಲೀಂಧ್ರ ಒಳಗೊಳಗೇ ಹರಡಿ, ಹಚ್ಚುವುದು ಬಿಟ್ಟೊಡನೆ ಅಂಗೈಯಗಲ ಏಳುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರಿದ್ದರೆ ಹಚ್ಚಬಾರದೆಂದು ಹೇಳಿ, ಚರ್ಮದ ವೈದ್ಯರ ಹತ್ತಿರ ಕರೆದೊಯ್ಯಿರಿ. ಈ ಮಾತನ್ನು ಅಕ್ಕನಾದವಳು ಮೊದಲ ವಾರವೇ, ತುರಿಕೆ ಶುರುವಾಗುವ ಮೊದಲೇ ಎತ್ತಿದರೆ ನಾಚಿಕೆ ಅರ್ಧ ಇಳಿಯುತ್ತದೆ. ತಮ್ಮನಾದರೆ ಮನೆಯ ಗಂಡಸರಿಗೆ ಒಪ್ಪಿಸಿ.

ಸೊಳ್ಳೆಪರದೆ ಯಾಕೆಂದರೆ ಮಂಗಳೂರಿಗೆ ಮಲೇರಿಯಾ ಹಳೆಯ ನಂಟು, ಡೆಂಗಿಯೂ ಇದೆ. ಚಳಿ ಜ್ವರ ಬಂದರೆ "ಮಳೆಯಲ್ಲಿ ನೆನೆದಿದ್ದಕ್ಕೆ" ಎಂದು ಬಿಡದೆ ಎರಡಕ್ಕೂ ರಕ್ತಪರೀಕ್ಷೆ ಮಾಡಿಸಿ. ಅದರ ಫಲಿತಾಂಶ ಬರುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಡೆಂಗಿಯಾಗಿದ್ದರೆ ಕೆಲವು ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

5. ಅನ್ನ ಬೆಂದಿಲ್ಲ ಅನ್ನುವ ದೂರು

ಮೊದಲ ವಾರದ ಎರಡನೇ ಫೋನು ಊಟದ್ದು. "ಅನ್ನ ಬೆಂದೇ ಇಲ್ಲಕ್ಕಾ, ದಪ್ಪ ದಪ್ಪ ಕಾಳು, ಕೆಂಪಗೈತಿ." ಅದು ಕುಚ್ಚಲಕ್ಕಿ. ಭತ್ತವನ್ನು ಮೊದಲೇ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಕಾಳು ಗಟ್ಟಿಯಾಗೇ ಉಳಿಯುವುದು ಅದರ ಗುಣ, ಅಡುಗೆಯವರ ತಪ್ಪಲ್ಲ. ಬಿಳಿ ಅಕ್ಕಿಗೆ ಇಲ್ಲಿ 'ಬೆಳ್ತಿಗೆ' ಎನ್ನುತ್ತಾರೆ. ಹಲವು ಮೆಸ್ಸುಗಳಲ್ಲಿ ಎರಡೂ ಇರುತ್ತದೆ, ಹೆಸರು ಹಿಡಿದು ಕೇಳಬೇಕು ಅಷ್ಟೇ. ಸಾರು ಪಲ್ಯದಲ್ಲಿ ತೆಂಗಿನಕಾಯಿಯ ಪರಿಮಳ ಮೊದಮೊದಲು ಎಲ್ಲದರಲ್ಲೂ ಒಂದೇ ರುಚಿ ಅನ್ನಿಸುತ್ತದೆ. ಅದಕ್ಕೆ ಹಿಂಡಿಯ ಬಾಟಲಿ ಇದೆ.

ಸಸ್ಯಾಹಾರಿ ಮನೆಯ ಮಕ್ಕಳಿಗೆ ಒಂದು ಎಚ್ಚರಿಕೆ ಕೊಡಲೇಬೇಕು. ಇಲ್ಲಿಯ ಹೋಟೆಲಿನಲ್ಲಿ 'ರೊಟ್ಟಿ' ಎಂದು ಕೇಳಿದರೆ ಬರುವುದು ಜೋಳದ್ದಲ್ಲ. ಅಕ್ಕಿಯ ತೆಳು ಗರಿಗರಿ ಹಾಳೆ, ಮೇಲೆ ಕೋಳಿ ಸಾರು ಸುರಿದು ತಿನ್ನುವುದು. ಅದೇ ಕೋರಿ ರೊಟ್ಟಿ. ತುಳುವಿನಲ್ಲಿ ಕೋರಿ ಅಂದರೆ ಕೋಳಿ. 'ಊಟ' ಎಂದರೂ ಕೆಲವು ಕಡೆ ಮೀನು ಸಾರು ಜೊತೆಗೇ ಬರುತ್ತದೆ. ಕೂರುವ ಮೊದಲು "ವೆಜ್ಜಾ?" ಎಂದು ಕೇಳಿಕೊಳ್ಳಲಿ. ಹಾಗೆಂದು ಹೆದರಿಸುವುದೂ ಬೇಡ: ನೀರುದೋಸೆ, ಬನ್ಸ್, ಗೋಳಿಬಜೆ ಮೂರನ್ನು ಮೊದಲ ಭಾನುವಾರವೇ ತಿನ್ನಿಸಿ. ಬನ್ಸ್ ಅಂದರೆ ಬೇಕರಿಯ ಬನ್ನಲ್ಲ, ಬಾಳೆಹಣ್ಣು ಹಾಕಿ ಕರಿದ ಪೂರಿ. ನನ್ನ ತಂಗಿ ಇಡೀ ಊರಿಗೆ ಒಲಿದದ್ದು ಬನ್ಸಿನಿಂದ.

ಮನೆಗೆ ಬಂದ ದಿನ ಬಿಸಿ ರೊಟ್ಟಿ ಬಡಿಯುವುದಾದರೆ ಹಿಟ್ಟಿನ ಬಗ್ಗೆ ಒಂದು ಮಾತು. ಹಳೆಯ ಜೋಳದ ಹಿಟ್ಟು ಜಿಗಿ ಕಳೆದುಕೊಂಡು, ಬಡಿಯುವಾಗ ಅಂಚು ಸೀಳುತ್ತದೆ. ಮಳೆಗಾಲದಲ್ಲಿ ಎರಡು ಕಿಲೋಕ್ಕಿಂತ ಹೆಚ್ಚು ಬೀಸಿಸಬೇಡಿ, ಕುದಿಯುವ ಎಸರು ಹಾಕಿಯೇ ನಾದಿ.

6. ಸಮುದ್ರ

ಇದನ್ನು ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಹೇಳಿ. ಸಮುದ್ರ ನೋಡದ ಮಕ್ಕಳು ಮೊದಲ ಶನಿವಾರವೇ ಪಣಂಬೂರಿಗೋ ಮಲ್ಪೆಗೋ ಗುಂಪು ಕಟ್ಟುತ್ತಾರೆ. ಮಳೆಗಾಲದಲ್ಲಿ ದಡಕ್ಕೆ ಬಡಿದ ನೀರು ಕಿರಿದಾದ ಪಟ್ಟಿಯಾಗಿ ರಭಸದಿಂದ ಒಳಕ್ಕೆ ಎಳೆಯುತ್ತದೆ. ನೋಡುವವರಿಗೆ ಆ ಜಾಗವೇ ಅಲೆ ಕಡಿಮೆಯಿರುವ, ಶಾಂತ ಜಾಗದಂತೆ ಕಾಣುತ್ತದೆ, ಮೋಸ ಅಲ್ಲೇ. ಬಾವಿಯಲ್ಲಿ ಈಜು ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಮೀನುಗಾರರ ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇರುತ್ತದೆ ಎಂದು ತಂಗಿಗೆ ಹೇಳಿದಾಗ ಅವಳಿಗೆ ಅರ್ಥವಾಯಿತು. ಸೆಪ್ಟೆಂಬರ್ ಮುಗಿಯುವವರೆಗೆ ಮರಳಿನ ಮೇಲೆ ನಿಂತು ನೋಡುವುದು, ಅಷ್ಟೇ. ಮೊದಲ ಸಲ ನೀವೇ ಕರೆದುಕೊಂಡು ಹೋಗಿ ತೋರಿಸಿದರೆ ಕದ್ದು ಹೋಗುವ ಹಂಬಲ ಇಳಿಯುತ್ತದೆ.

7. ತುಳು, ಮತ್ತು ಎಷ್ಟು ಸಲ ಮನೆಗೆ ಕರೆಯಬೇಕು

ಕನ್ನಡ ನಾಡಿನಲ್ಲೇ ಇದ್ದೂ ಕನ್ನಡ ಕೇಳಿಸದಿರುವುದು ಅವಳಿಗೆ ವಿಚಿತ್ರ. ಸಹಪಾಠಿಗಳು ತಮ್ಮತಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತಾರೆ. ಇವಳಿಗೆ ತನ್ನ ಬಗ್ಗೆಯೇ ಆಡಿಕೊಂಡ ಹಾಗೆ. ಇವಳ "ಹೌದ್ರಿ, ಬರ್ರಿ" ಕೇಳಿ ಅವರು ನಕ್ಕರೆ ಇವಳು ಬಾಯಿ ಮುಚ್ಚಿಬಿಡುತ್ತಾಳೆ. ನಾಲ್ಕು ತುಳು ಮಾತು ಕಲಿಸಿ ಕಳಿಸಿ: ಬೋಡು (ಬೇಕು), ಬೊಡ್ಚಿ (ಬೇಡ), ಗೊತ್ತುಜ್ಜಿ (ಗೊತ್ತಿಲ್ಲ), ಒಣಸ್ ಆಂಡಾ (ಊಟ ಆಯ್ತಾ). ಮೆಸ್ಸಿನ ಅಕ್ಕನಿಗೆ "ಒಣಸ್ ಆಂಡಾ?" ಅಂದ ದಿನ ನನ್ನ ತಂಗಿಗೆ ಎರಡು ಸೌಟು ಹೆಚ್ಚು ಸಾರು ಬಿತ್ತು.

ಮನೆಗೆ ಕರೆಯುವುದರಲ್ಲಿ ಹೆಚ್ಚಿನವರು ತಪ್ಪುವುದು ಪ್ರೀತಿಯಿಂದಲೇ. ಪ್ರತಿ ಶನಿವಾರ ಕರೆತಂದರೆ ಅವಳಿಗೆ ಹಾಸ್ಟೆಲ್ಲಿನಲ್ಲಿ ಗೆಳತಿಯರಾಗುವುದಿಲ್ಲ. ಗೆಳೆತನ ಕುದುರುವುದು ರಜೆಯ ದಿನಗಳಲ್ಲೇ. ನಾನು ಮೊದಲ ಎರಡು ಭಾನುವಾರ ಹಗಲು ಮಾತ್ರ ಭೇಟಿಯಾಗಿ ಸಂಜೆ ವಾಪಸ್ ಬಿಟ್ಟೆ, ಮೂರನೇ ವಾರದಿಂದ ಹದಿನೈದು ದಿನಕ್ಕೊಂದು ರಾತ್ರಿ ಮನೆಯಲ್ಲಿ. ಇನ್ನೊಂದು, ಕಾಕಾನ ಜೊತೆ ಮೊದಲೇ ಮಾತಾಗಿರಲಿ: ಆರೋಗ್ಯ, ಸುರಕ್ಷತೆ, ಫೀಸು ಈ ಮೂರನ್ನು ಮಾತ್ರ ನೀವು ಊರಿಗೆ ತಿಳಿಸುತ್ತೀರಿ. ಉಳಿದದ್ದನ್ನೂ ಒಪ್ಪಿಸುತ್ತೀರೆಂದು ಅವಳಿಗೆ ಗೊತ್ತಾದರೆ ಆ ಮೂರನ್ನೂ ಅವಳು ನಿಮಗೆ ಹೇಳುವುದಿಲ್ಲ.

ಮನೆ ನೆನಪಿನ ಅಳು ಎರಡು ಮೂರು ವಾರ ಇದ್ದೇ ಇರುತ್ತದೆ, ಸಂಜೆ ಹೊತ್ತು ಹೆಚ್ಚು. ಅದು ಬೇರೆ, ಮೆಸ್ಸಿಗೇ ಹೋಗದಿರುವುದು, ಕ್ಲಾಸು ಬಿಟ್ಟು ಹಗಲೆಲ್ಲ ಮಲಗುವುದು, ಫೋನ್ ಬಂದರೆ ಬೆಚ್ಚುವುದು ಬೇರೆ. ಎರಡನೆಯದನ್ನು ಕಂಡರೆ ಅದೇ ದಿನ ಹೋಗಿ ಕೂತು ಕೇಳಿ. ಹಿರಿಯ ವಿದ್ಯಾರ್ಥಿಗಳ ಕಾಟವಾದರೆ ವಾರ್ಡನ್ ಜೊತೆಗೆ ಯುಜಿಸಿಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಇದೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

8. ದಸರೆಯ ಟಿಕೆಟ್

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಅಂದರೆ ಆಗಸ್ಟ್‌ನಲ್ಲಿ ಬಂದವಳ ದಸರೆ ಟಿಕೆಟ್ಟನ್ನು ಅವಳು ಬಂದ ಕೆಲವೇ ದಿನಗಳಲ್ಲಿ ಮಾಡಿಸಬೇಕು. ಆ ಟಿಕೆಟ್ ಫೋನಿನಲ್ಲಿದ್ದರೆ ದಿನ ಎಣಿಸುವುದು ಸುಲಭವಾಗುತ್ತದೆ. ಹಬ್ಬ ಮುಗಿಸಿ ಬರುವಾಗ ಕಾಕೂ ಮತ್ತೆ ಕೌದಿಯ ಮಾತೆತ್ತುತ್ತಾರೆ. ಈ ಸಲ ಹೂಂ ಅನ್ನಿ. ನವೆಂಬರ್ ಕೊನೆಗೆ ಗಾಳಿ ಒಣಗಿರುತ್ತದೆ. ಮೇ ತಿಂಗಳು ಮುಗಿಯುವ ಮೊದಲು ಮರೆಯದೆ ವಾಪಸ್ ಕಳಿಸಿದರಾಯಿತು.